ಹತ್ತು ಕಂಬದ ಲೆಕ್ಕ

ಜನವರಿ ಬಂತೆಂದರೆ ನಮ್ಮ ಕಡೆಯ ಶಾಲಾ ಕಾಲೇಜುಗಳಲ್ಲಿ ರಸ್ತೆ ಸುರಕ್ಷತೆಯ ಭಾಷಣಗಳು ಆರಂಭವಾಗುತ್ತವೆ. ವೃತ್ತಿಯಲ್ಲಿದ್ದಷ್ಟು ಕಾಲ ಇಂತಹ ಸಭೆಗಳಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಹಿಂದೆ ನಿಂತು, ಗದ್ದಲ ಮಾಡಿದವರ ಕಡೆ ಕಣ್ಣು ಬಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ಮಾತನಾಡುವ ಸರದಿ ನನಗೇ ಬಂದದ್ದು ನಿವೃತ್ತನಾದ ಮೇಲೆ. ನಮ್ಮ ತಾಲ್ಲೂಕಿನ ಪದವಿ ಕಾಲೇಜೊಂದರ ಪ್ರಾಂಶುಪಾಲರು ನನ್ನ ಹಳೆಯ ವಿದ್ಯಾರ್ಥಿ. "ಸಾರ್, ಈ ಸಲ ನೀವೇ ಎರಡು ಮಾತು ಹೇಳಬೇಕು" ಎಂದು ಫೋನು ಮಾಡಿದರು. ನಾನು ಒಂದೇ ಷರತ್ತು ಹಾಕಿದೆ. ಸಭಾಂಗಣ ಬೇಡ, ಹಾರ ಬೇಡ, ಸ್ವಾಗತ ಭಾಷಣವೂ ಬೇಡ. ಸಂಜೆ ತರಗತಿ ಬಿಟ್ಟು ಹುಡುಗರು ಗಾಡಿ ಹೊರಗೆ ತೆಗೆಯುವ ಹೊತ್ತಿಗೆ ಗೇಟಿನ ಬಳಿ ಇಪ್ಪತ್ತು ನಿಮಿಷ ನಿಲ್ಲಿಸಿಕೊಡಿ, ಅಷ್ಟು ಸಾಕು ಎಂದೆ.

ಇದಕ್ಕೆ ಕಾರಣವುಂಟು. ಸಭಾಂಗಣದಲ್ಲಿ ಕುಳಿತವನಿಗೆ ಹೆಲ್ಮೆಟ್ ಎನ್ನುವುದು ಒಂದು ವಿಷಯ ಮಾತ್ರ, ಪರಿಸರ ಸಂರಕ್ಷಣೆಯ ಹಾಗೆ. ಗೇಟಿನಲ್ಲಿ ಅದು ಕಣ್ಣೆದುರಿನ ವಸ್ತು. ಕೆಲವು ಹೆಲ್ಮೆಟ್‌ಗಳು ಕನ್ನಡಿಗೆ ನೇತಾಡುತ್ತಿದ್ದವು, ಕೆಲವು ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತಿದ್ದವು, ಇನ್ನು ಕೆಲವನ್ನು ಹುಡುಗರು ಬಳೆಯಂತೆ ಮೊಳಕೈಗೆ ಏರಿಸಿಕೊಂಡಿದ್ದರು. ತಲೆಯ ಮೇಲಿದ್ದವುಗಳಲ್ಲಿಯೂ ಗದ್ದದ ಪಟ್ಟಿ ಕಟ್ಟಿದ್ದು ಬೆರಳೆಣಿಕೆಯಷ್ಟು. ಹಾಗಲವಾಡಿ ಹೋಬಳಿಯ ಹಳ್ಳಿಗಳಿಂದ ಗುಬ್ಬಿಯ ಕಡೆಗೂ ತುಮಕೂರಿನ ಕಡೆಗೂ ದಿನವೂ ಬೈಕಿನಲ್ಲಿ ಓಡಾಡುವ ಹುಡುಗರು ಅಲ್ಲಿದ್ದರು. ಅವರ ತಂದೆಯರಲ್ಲಿ ಹಲವರು ನನ್ನ ಬಳಿ ಬೀಜಗಣಿತ ಕಲಿತವರು.

ಆ ಪಟ್ಟಿಯ ವಿಚಾರವನ್ನೇ ಮೊದಲು ಎತ್ತಿಕೊಂಡೆ. ಅದಕ್ಕೂ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಹೆಸರು ಬೇಡ, ಅವನ ತಾಯಿ ಇನ್ನೂ ಇದ್ದಾರೆ. ಮಣ್ಣು ಮಾಡಲು ಹೋದಾಗ ಅವರ ಜಗಲಿಯ ಮೂಲೆಯಲ್ಲಿ ಅವನ ಹೆಲ್ಮೆಟ್ ಇತ್ತು. ಅದರಲ್ಲಿ ಒಂದು ಗೀರೂ ಇರಲಿಲ್ಲ. ಗಾಡಿ ಜಾರಿದಾಗ ತಲೆ ನೆಲಕ್ಕೆ ತಾಕುವ ಮೊದಲೇ ಹೆಲ್ಮೆಟ್ ಕಳಚಿ ಹಾರಿ ಹೋಗಿ ಬದುವಿನ ಹುಲ್ಲಿನ ಮೇಲೆ ಬಿದ್ದಿತ್ತಂತೆ. "ಹಾಕ್ಕೊಂಡಿದ್ದ ಮೇಷ್ಟ್ರೇ, ಹಾಕ್ಕೊಂಡೇ ಹೋಗಿದ್ದ" ಎಂದು ಆ ತಾಯಿ ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ಏನೂ ಹೇಳಲಿಲ್ಲ. ಹೇಳಬೇಕಾದ ಸ್ಥಳ ಅದಲ್ಲ, ಅದನ್ನು ಹೇಳಬೇಕಾದದ್ದು ಗೇಟಿನಲ್ಲಿ.

ಕಾನೂನು ಕೂಡ ಹೆಲ್ಮೆಟ್ ತಲೆಯ ಮೇಲಿದ್ದರೆ ಸಾಕು ಎನ್ನುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಅದನ್ನು ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು ಎಂಬುದನ್ನೂ ಒಳಗೊಂಡಿದೆ. 2019ರ ತಿದ್ದುಪಡಿಯ ನಂತರ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ, ಹಿಂದೆ ಕುಳಿತವರಿಗೂ ಇದು ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವೆಂಬ ಆದೇಶ 2016ರ ಜನವರಿಯಲ್ಲಿಯೇ ಬಂದಿತ್ತು. ಆದರೆ ಕಾನೂನಿನ ಮಾತನ್ನು ನಾನು ಅಲ್ಲಿ ಹೆಚ್ಚು ಬೆಳೆಸಲಿಲ್ಲ. ದಂಡದ ಭಯದಿಂದ ಕಲಿಯುವ ಪಾಠವೆಂದರೆ ಪೊಲೀಸರು ಎಲ್ಲಿ ನಿಲ್ಲುತ್ತಾರೆ ಎಂಬುದು. ಅದನ್ನು ನಮ್ಮ ಹುಡುಗರು ಈಗಾಗಲೇ ಚೆನ್ನಾಗಿ ಕಲಿತಿದ್ದಾರೆ.

ಒಬ್ಬ ಹುಡುಗನ ಹೆಲ್ಮೆಟ್ ತೆಗೆದುಕೊಂಡು ಒಳಭಾಗ ತೋರಿಸಿದೆ. ಹೊರಗಿನ ಗಟ್ಟಿ ಚಿಪ್ಪು ಎಲ್ಲರಿಗೂ ಕಾಣುತ್ತದೆ. ಬಟ್ಟೆಯ ಒಳಪದರವನ್ನು ಸ್ವಲ್ಪ ಸರಿಸಿದರೆ ಎರಡೂವರೆ ಮೂರು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್‌ನಂತಹ ಪದರ ಸಿಗುತ್ತದೆ. ನಿಜವಾದ ಕೆಲಸ ಅದರದು. ತಲೆ ನೆಲಕ್ಕೆ ಬಡಿದಾಗ ಅದು ನಜ್ಜುಗುಜ್ಜಾಗಿ, ತಲೆ ನಿಲ್ಲುವುದಕ್ಕೆ ಒಂದಿಷ್ಟು ದೂರವನ್ನೂ ಒಂದಿಷ್ಟು ಸಮಯವನ್ನೂ ಕೊಡುತ್ತದೆ. ತೆಂಗಿನಕಾಯಿ ಬಂಡೆಯ ಮೇಲೆ ಬೀಳುವುದಕ್ಕೂ ಹುಲ್ಲಿನ ಮೆದೆಯ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸವೇ ಇದು. ಕಾಯಿ ಅದೇ, ಎತ್ತರವೂ ಅದೇ, ನಿಲ್ಲಲು ಸಿಕ್ಕ ದೂರ ಮಾತ್ರ ಬೇರೆ. ಒಮ್ಮೆ ನಜ್ಜಿದ ಆ ಪದರ ಮತ್ತೆ ಮೊದಲಿನಂತಾಗುವುದಿಲ್ಲ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ, ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್‌ನ ಆಯುಷ್ಯ ಅಲ್ಲಿಗೆ ಮುಗಿಯಿತು. ರಸ್ತೆ ಬದಿಯಲ್ಲಿ ಮಾರುವ ಟೋಪಿಯಂತಹವುಗಳಲ್ಲಿ ಈ ಪದರವೇ ಇರುವುದಿಲ್ಲ, ತೆಳುವಾದ ಸ್ಪಂಜು ಇರುತ್ತದೆ. ಐಎಸ್‌ಐ ಗುರುತು ನೋಡಿರಿ ಎನ್ನುವುದರ ಜೊತೆಗೆ, ಒಳಗೆ ಬೆರಳಿನಿಂದ ಒತ್ತಿ ನೋಡಿರಿ ಎಂದೆ. 2021ರ ಜೂನ್‌ನಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಆದರೆ ಗುರುತು ಅಂಟಿಸುವುದು ಕಷ್ಟವಲ್ಲವಲ್ಲ.

"ನಾನು ಊರೊಳಗೇ ಓಡಿಸೋದು ಸಾರ್, ಇಪ್ಪತ್ತರ ಮೇಲೆ ಹೋಗಲ್ಲ" ಎಂದನೊಬ್ಬ. ಅವನಿಗೆ ಗಣಿತದಲ್ಲಿಯೇ ಉತ್ತರ ಕೊಟ್ಟೆ. ಗಾಡಿಯ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ನಿಂತೇ ಇರಲಿ, ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಹೆಚ್ಚು ಕಡಿಮೆ 20 ಕಿಲೋಮೀಟರ್ ಆಗಿರುತ್ತದೆ. ಅಂದರೆ ಬೀಳುವ ತಲೆಯ ವೇಗವನ್ನು ಕೊಡುವುದು ಎಕ್ಸಿಲೇಟರ್ ಒಂದೇ ಅಲ್ಲ, ಭೂಮಿಯೂ ಕೊಡುತ್ತದೆ. ನಿಧಾನವಾಗಿ ಹೋಗುವವನಿಗೆ ಭೂಮಿ ರಿಯಾಯಿತಿ ಕೊಡುವುದಿಲ್ಲ.

ಆಮೇಲೆ ಮೂರು ಪರೀಕ್ಷೆಗಳನ್ನು ಅವರ ಕೈಯಿಂದಲೇ ಮಾಡಿಸಿದೆ. ಹೆಲ್ಮೆಟ್ ಹಾಕಿಕೊಂಡು ತಲೆಯನ್ನು ಅತ್ತಿತ್ತ ಅಲ್ಲಾಡಿಸಬೇಕು, ತಲೆಯ ಜೊತೆ ಅದೂ ತಿರುಗಬೇಕು. ಪಟ್ಟಿ ಕಟ್ಟಿದ ಮೇಲೆ ಗದ್ದಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಕೊನೆಗೆ ಗೆಳೆಯನೊಬ್ಬ ಹಿಂದೆ ನಿಂತು, ಕುತ್ತಿಗೆಯ ಬಳಿ ಹೆಲ್ಮೆಟ್‌ನ ಅಂಚು ಹಿಡಿದು ಮೇಲಕ್ಕೂ ಮುಂದಕ್ಕೂ ಎತ್ತಬೇಕು. ಅದು ಕಣ್ಣಿನ ಮೇಲೆ ಜಾರಿ ಕಳಚಿಕೊಂಡರೆ ರಸ್ತೆಯಲ್ಲಿಯೂ ಕಳಚಿಕೊಳ್ಳುತ್ತದೆ. ಮೂರನೆಯದರಲ್ಲಿ ಬಹಳಷ್ಟು ಜನ ನಪಾಸಾದರು. ಅಣ್ಣನ ಹೆಲ್ಮೆಟ್, ಮಾವನ ಹೆಲ್ಮೆಟ್, ಗಾಡಿ ಕೊಂಡಾಗ ಅಂಗಡಿಯವರು ಕೊಟ್ಟ ಹೆಲ್ಮೆಟ್. ತಲೆಯ ಅಳತೆ ನೋಡಿ ಕೊಂಡದ್ದು ಅಪರೂಪ. ಅವರಿಗೆ ಮೊದಲನೆಯ ಸೂತ್ರ ಹೇಳಿಕೊಟ್ಟೆ: ಪಟ್ಟಿ ಮೊದಲು, ಕೀ ಆಮೇಲೆ. ಗದ್ದದ ಕೆಳಗೆ ಕ್ಲಿಕ್ ಎಂದ ಮೇಲೆಯೇ ಕೀಗೆ ಕೈ ಹೋಗಬೇಕು. ಕ್ರಮ ಇದ್ದರೆ ಮರೆವು ಇರುವುದಿಲ್ಲ.

ಹೆಲ್ಮೆಟ್ ಎಷ್ಟು ಕಾಯುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಸಂಭವ ಸುಮಾರು ಶೇಕಡ 42ರಷ್ಟೂ ತಲೆಗೆ ಗಾಯವಾಗುವ ಸಂಭವ ಶೇಕಡ 69ರಷ್ಟೂ ಕಡಿಮೆ. ಇದು ಬಹಳ ದೊಡ್ಡ ಲಾಭ. ಆದರೆ ನೂರಕ್ಕೆ ನೂರಲ್ಲ. ಎದುರಿನ ಲಾರಿಗೆ ನೇರವಾಗಿ ಡಿಕ್ಕಿ ಹೊಡೆದವನ ಎದೆಯನ್ನು, ಹೊಟ್ಟೆಯನ್ನು ಹೆಲ್ಮೆಟ್ ಕಾಯಲಾರದು. ಅದು ಬಿದ್ದವನಿಗಾಗಿ ಇರುವ ವಸ್ತು. ಡಿಕ್ಕಿಯೇ ಆಗದಂತೆ ನೋಡಿಕೊಳ್ಳುವ ವಿದ್ಯೆ ಬೇರೆಯಿದೆ. ನಮ್ಮ ಭಾಷಣಕಾರರು ಹೆಲ್ಮೆಟ್‌ನಲ್ಲಿಯೇ ಮಾತು ಮುಗಿಸಿ ಚಹಾಕ್ಕೆ ಹೋಗುವುದು ನನಗೆ ಯಾವಾಗಲೂ ಅರೆಪಾಠದಂತೆ ಕಂಡಿದೆ. ಓವರ್‌ಟೇಕ್ ಬಗ್ಗೆ ಅವರು ಹೇಳುವುದು "ಜಾಗ್ರತೆಯಿಂದ ಮಾಡಿ" ಎಂದಷ್ಟೆ. ಜಾಗ್ರತೆ ಎಂದರೆ ಎಷ್ಟು ಮೀಟರ್?

ಇದಕ್ಕೆ ನಾನು ಮನೆಯಲ್ಲಿಯೇ ಲೆಕ್ಕ ಮಾಡಿಕೊಂಡು ಹೋಗಿದ್ದೆ. ಗೇಟಿನ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ, ಪ್ರಾಂಶುಪಾಲರು ಕ್ಷಮಿಸಬೇಕು. ಮುಂದೆ ತೆಂಗಿನಕಾಯಿ ತುಂಬಿದ ಲಾರಿ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ನೀನು 60ರಲ್ಲಿದ್ದೀಯೆ. ಲಾರಿಯ ಉದ್ದ 10 ಮೀಟರ್, ನಿನ್ನ ಗಾಡಿಯದು 2. ಅದರ ಹಿಂದೆ 15 ಮೀಟರ್ ಇದ್ದಾಗ ಬಲಕ್ಕೆ ಬರುತ್ತೀಯೆ, 15 ಮೀಟರ್ ಮುಂದೆ ಹೋದ ಮೇಲೆ ಎಡಕ್ಕೆ ಸೇರುತ್ತೀಯೆ. ಅಂದರೆ ಲಾರಿಗಿಂತ 42 ಮೀಟರ್ ಹೆಚ್ಚು ಕ್ರಮಿಸಬೇಕು. ನಿಮ್ಮಿಬ್ಬರ ವೇಗದ ವ್ಯತ್ಯಾಸ 15 ಕಿಲೋಮೀಟರ್, ಎಂದರೆ ಸೆಕೆಂಡಿಗೆ 4 ಮೀಟರಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ 10 ಸೆಕೆಂಡ್ ನೀನು ರಸ್ತೆಯ ಬಲಭಾಗದಲ್ಲಿರುತ್ತೀಯೆ. ಆ 10 ಸೆಕೆಂಡಿನಲ್ಲಿ ನೀನು 167 ಮೀಟರ್ ಹೋಗುತ್ತೀಯೆ. ಎದುರಿನಿಂದ 60ರಲ್ಲಿ ಬರುವವನೂ ಅಷ್ಟೇ ಬರುತ್ತಾನೆ. ಒಟ್ಟು 334 ಮೀಟರ್.

ಮೀಟರ್ ಎಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ ನಾನು ಕರೆಂಟ್ ಕಂಬಗಳನ್ನು ಆರಿಸಿಕೊಂಡಿದ್ದೆ. ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಕಂಬದಿಂದ ಕಂಬಕ್ಕೆ ನಡೆದು ಎಣಿಸಿದರೆ 66 ಹೆಜ್ಜೆ. ನನ್ನ ಹೆಜ್ಜೆ ಮುಕ್ಕಾಲು ಮೀಟರ್. ಎಂದರೆ ಸುಮಾರು 50 ಮೀಟರ್. ಆ ಲೆಕ್ಕದಲ್ಲಿ 334 ಮೀಟರಿಗೆ ಏಳು ಅಂತರಗಳು ಬೇಕು. "ಏಳು ಅಂತರ, ಎಂಟು ಕಂಬ ಖಾಲಿ ಇದ್ದರೆ ಓವರ್‌ಟೇಕ್ ಮಾಡಬಹುದು" ಎಂದು ಬರೆದು, ಸೀಮೆಸುಣ್ಣ ಕೆಳಗಿಟ್ಟು, ಪಾಠ ಮುಗಿಯಿತೆಂದುಕೊಂಡೆ.

ಹಿಂದೆ ನಿಂತಿದ್ದ ಒಬ್ಬ ಹುಡುಗ, ಹಾಗಲವಾಡಿ ಕಡೆಯವನು, ಕೈ ಎತ್ತಿದ. "ಸಾರ್, ಲಾರಿ ಹಿಂದೆ ಬರ್ತಾ ಇರೋವಾಗ ನಾವೂ ನಲವತ್ತೈದರಲ್ಲೇ ಇರ್ತೀವಲ್ಲ? ಅರವತ್ತು ಎಲ್ಲಿಂದ ಬಂತು?"

ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಇದು ಹೊಳೆದಿರಲಿಲ್ಲ. ನಾನು ಗಾಡಿ ಬಿಟ್ಟು ಬಹಳ ಕಾಲವಾಯಿತು ಎಂಬುದು ನೆಪ. ಆ ಹುಡುಗ ಹೇಳಿದ್ದು ಸರಿ. ಲಾರಿಯ ಹಿಂದೆ ಸಿಕ್ಕಿಕೊಂಡವನು ಬಲಕ್ಕೆ ಬಂದ ಮೇಲೆಯೇ ವೇಗ ಹೆಚ್ಚಿಸಬೇಕು. 100 ಸಿಸಿಯ ಗಾಡಿ, ಹಿಂದೆ ಒಬ್ಬ ಗೆಳೆಯ. 45ರಿಂದ 60ಕ್ಕೆ ಏರಲು ಸುಮಾರು 5 ಸೆಕೆಂಡ್ ಬೇಕೆಂದು ಹುಡುಗರೇ ಅನುಭವದಿಂದ ಹೇಳಿದರು. ಅಷ್ಟರಲ್ಲಿ ಲಾರಿಗಿಂತ ಸುಮಾರು 10 ಮೀಟರ್ ಮಾತ್ರ ಹೆಚ್ಚು ಹೋಗಿರುತ್ತೀರಿ, ಇನ್ನೂ ಲಾರಿಯ ಹಿಂಬದಿಯನ್ನೇ ಮುಟ್ಟಿರುವುದಿಲ್ಲ. ಉಳಿದ 32 ಮೀಟರಿಗೆ ಮತ್ತೆ ಏಳೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಒಟ್ಟು ಸುಮಾರು 13 ಸೆಕೆಂಡ್. ಎಲ್ಲರೂ ಸೇರಿ ಗೋಡೆಯ ಮೇಲೆ ಹೊಸದಾಗಿ ಲೆಕ್ಕ ಹಾಕಿದೆವು. ನೀನು 200 ಮೀಟರ್, ಎದುರಿನವನು 210 ಮೀಟರ್, ಒಟ್ಟು 410ಕ್ಕೂ ಸ್ವಲ್ಪ ಹೆಚ್ಚು. ಎಂಟು ಕಂಬ ಅಳಿಸಿ ಹತ್ತು ಕಂಬ ಎಂದು ಬರೆದೆ. ಹತ್ತು ಕಂಬಗಳ ನಡುವೆ ಒಂಬತ್ತು ಅಂತರ, 450 ಮೀಟರ್. ಉಳಿಯುವುದು 40 ಮೀಟರಿಗಿಂತ ಕಡಿಮೆ. ಇದು ಎದುರಿನವನು 60ರಲ್ಲಿ ಬಂದರೆ ಮಾತ್ರ. ಹೆದ್ದಾರಿಯಲ್ಲಿ 80ರಲ್ಲಿ ಬರುವ ಕಾರಾದರೆ 480 ಮೀಟರ್ ಬೇಕು, ಹತ್ತು ಕಂಬವೂ ಸಾಲದು. ಎರಡನೆಯ ಸೂತ್ರ ಹೀಗೆ ಆ ಹುಡುಗನಿಂದ ತಿದ್ದಿಸಿಕೊಂಡು ಹುಟ್ಟಿತು: ಹತ್ತು ಕಂಬ ಕಾಣದಿದ್ದರೆ ಹಿಂದೆಯೇ ಇರು.

ಕಂಬವನ್ನೇ ಏಕೆ ಎಣಿಸಬೇಕು, ಎದುರಿನ ಗಾಡಿಯನ್ನು ನೋಡಿದರೆ ಸಾಲದೆ ಎಂಬ ಪ್ರಶ್ನೆಯೂ ಬಂತು. ನೇರ ನಮ್ಮ ಕಡೆಗೇ ಬರುವ ವಸ್ತುವಿನ ವೇಗವನ್ನು ದೂರದಿಂದ ಅಳೆಯುವುದು ನಮ್ಮ ಕಣ್ಣಿಗೆ ಆಗದ ಕೆಲಸ. ಬಹಳ ಹೊತ್ತು ಅದು ಇದ್ದಷ್ಟೇ ಗಾತ್ರದಲ್ಲಿ ಕಾಣುತ್ತದೆ, ಹತ್ತಿರ ಬಂದಾಗ ಒಮ್ಮೆಲೇ ದೊಡ್ಡದಾಗುತ್ತದೆ. ಆಗ ನಾವು ಲಾರಿಯ ಪಕ್ಕದಲ್ಲಿರುತ್ತೇವೆ. ರಾತ್ರಿಯಂತೂ ಒಂದೇ ದೀಪ ಕಂಡರೆ ಬೈಕ್ ಎಂದು ನಂಬುವ ಹಾಗಿಲ್ಲ, ಒಂದು ದೀಪ ಕೆಟ್ಟ ಲಾರಿಯೂ ಇರಬಹುದು. ಕಂಬ ಓಡುವುದಿಲ್ಲ, ಅದನ್ನು ಎಣಿಸಬಹುದು. ಆದರೆ ಎಲ್ಲ ರಸ್ತೆಯ ಕಂಬವೂ ಒಂದೇ ಅಂತರದಲ್ಲಿರುವುದಿಲ್ಲ. ದಿನವೂ ಓಡಾಡುವ ದಾರಿಯಲ್ಲಿ ಒಮ್ಮೆ ಇಳಿದು ಹೆಜ್ಜೆ ಹಾಕಿ ಎಂದೆ.

ಕಾಯುವುದರಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಿಸಿದೆ. ಲಾರಿಯ ಹಿಂದೆ 2 ಕಿಲೋಮೀಟರ್ ಸಾಗಬೇಕಾಗಿ ಬಂತು ಎಂದುಕೊಳ್ಳಿ. 60ರಲ್ಲಿ ಎರಡು ನಿಮಿಷ, 45ರಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡ್. ನಲವತ್ತು ಸೆಕೆಂಡ್! ಬೆಳಿಗ್ಗೆ ಕಾಲೇಜಿನ ಮುಂದಿನ ಅಂಗಡಿಯಲ್ಲಿ ಟೀ ಆರುವುದಕ್ಕೆ ಇದಕ್ಕಿಂತ ಹೆಚ್ಚು ಕಾಯುತ್ತಾರೆ.

ಇನ್ನೆರಡು ಸೂತ್ರಗಳನ್ನು ಬೇಗ ಬೇಗ ಹೇಳಿ ಮುಗಿಸಿದೆ. ಒಂದು, ಅವನ ಕನ್ನಡಿ ನಿನಗೆ ಕಾಣದಿದ್ದರೆ ನೀನು ಅವನಿಗೆ ಇಲ್ಲ. ಲಾರಿಯ ಬಾಲಕ್ಕೆ ಅಂಟಿಕೊಂಡು ಹೋಗುವವನಿಗೆ ಚಾಲಕನ ಕನ್ನಡಿಯೂ ಕಾಣದು, ಮುಂದಿನ ರಸ್ತೆಯೂ ಕಾಣದು. ಸ್ವಲ್ಪ ಹಿಂದೆ ಸರಿದರೆ ಎರಡೂ ಕಾಣುತ್ತವೆ. ಎರಡನೆಯದು, ಮುಂದಿನವನ ಲೆಕ್ಕ ಮುಂದಿನವನಿಗೆ. ಗೆಳೆಯನ ಗಾಡಿ ಲಾರಿಯನ್ನು ದಾಟಿತೆಂದು ಅದರ ಬೆನ್ನಿಗೇ ನುಗ್ಗುವವನು, ಬೇರೊಬ್ಬನಿಗೆ ಎಣಿಸಿದ ಕಂಬಗಳನ್ನು ಖರ್ಚು ಮಾಡುತ್ತಿರುತ್ತಾನೆ. ನಾಲ್ಕು ಗಾಡಿಗಳು ಸಾಲಾಗಿ ಮನೆಗೆ ಹೋಗುವ ಕಾಲೇಜು ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು.

ಲಾರಿಯ ಬಲಗಡೆಯ ಇಂಡಿಕೇಟರ್ ಬಗ್ಗೆ ಹುಡುಗರಲ್ಲಿಯೇ ಜಗಳವಾಯಿತು. "ಹೋಗು ಅಂತ ಸಾರ್ ಅದು" ಎಂದರು ಕೆಲವರು. "ಅಲ್ಲ, ಎದುರಿಗೆ ಗಾಡಿ ಬರ್ತಿದೆ ಅಂತ" ಎಂದರು ಇನ್ನು ಕೆಲವರು. ಪುಸ್ತಕದ ಪ್ರಕಾರ ಅದರ ಅರ್ಥ ನಾನು ಬಲಕ್ಕೆ ತಿರುಗುತ್ತೇನೆ ಎಂದು. ಒಂದೇ ದೀಪಕ್ಕೆ ಮೂರು ಅರ್ಥಗಳಿರುವಾಗ ಅದನ್ನು ನಂಬಿ ಬಲಕ್ಕೆ ಬರುವುದು ಹೇಗೆ? ಅದು ಮಿನುಗುವಷ್ಟು ಹೊತ್ತು ಹಿಂದೆಯೇ ಇರುವುದು ಮೂರೂ ಅರ್ಥಗಳಿಗೆ ಸರಿಹೊಂದುವ ಉತ್ತರ ಎಂದೆ. ಎಡದಿಂದ ನುಗ್ಗುವ ಮಾತನ್ನಂತೂ ಎತ್ತಲೇ ಬೇಡಿ. ನಮ್ಮ ಕಡೆ ಡಾಂಬರಿನ ಅಂಚು ಮುಗಿದ ಕೂಡಲೇ ಮಣ್ಣು ತಗ್ಗಿಗೆ ಇಳಿಯುತ್ತದೆ. ಜೊತೆಗೆ ಸುಗ್ಗಿಯ ತಿಂಗಳುಗಳಲ್ಲಿ ರಾಗಿಯನ್ನೂ ಹುರುಳಿಯನ್ನೂ ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವ ಪದ್ಧತಿಯಿದೆ. ಒಣಹುಲ್ಲಿನ ಮೇಲೆ ಬ್ರೇಕ್ ಹಿಡಿದ ಗಾಡಿ ನಿಲ್ಲುವುದಿಲ್ಲ, ಮಲಗುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದ ರೈತನ ಕಷ್ಟ ನನಗೆ ಗೊತ್ತು, ನಾನೂ ಅದೇ ಮನೆಯಿಂದ ಬಂದವನು. ಆದರೂ ಇದು ತಪ್ಪೇ ಎಂದು ಹೇಳದೆ ವಿಧಿಯಿಲ್ಲ, ಈ ಮಾತಿಗೆ ಊರಿನಲ್ಲಿ ನನ್ನ ಮೇಲೆ ಮುನಿಸಿಕೊಳ್ಳುವವರಿದ್ದಾರೆ.

ಇಂತಹ ಕಾರ್ಯಕ್ರಮಗಳಲ್ಲಿ ರಕ್ತಸಿಕ್ತ ಅಪಘಾತದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ಆ ಚಿತ್ರ ನೋಡಿದ ಹುಡುಗ ಮುಖ ತಿರುಗಿಸುತ್ತಾನೆ, ಅದು ಬೇರೆ ಯಾರಿಗೋ ಆದದ್ದೆಂದು ಒಳಗೇ ಹೇಳಿಕೊಳ್ಳುತ್ತಾನೆ. ಲೆಕ್ಕದಿಂದ ಹಾಗೆ ತಪ್ಪಿಸಿಕೊಳ್ಳಲಾಗದು, ಲೆಕ್ಕದಲ್ಲಿ ಅವನದೇ ಗಾಡಿ, ಅವನದೇ ರಸ್ತೆ ಇರುತ್ತದೆ. ಹೆಲ್ಮೆಟ್‌ನ ಚರಿತ್ರೆಯೂ ಹೀಗೆಯೇ ಆರಂಭವಾದದ್ದು. ಲಾರೆನ್ಸ್ ಆಫ್ ಅರೇಬಿಯಾ ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿರಸ್ತೆಯಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲಿನಿಂದ ಬಿದ್ದು, ಆರು ದಿನಗಳ ನಂತರ ತೀರಿಕೊಂಡರು. ತಲೆಗೆ ರಕ್ಷಣೆ ಇರಲಿಲ್ಲ. ಚಿಕಿತ್ಸೆಯಲ್ಲಿ ತೊಡಗಿದ್ದ ಮೆದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಶೋಕಿಸಿ ಸುಮ್ಮನಾಗಲಿಲ್ಲ, ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳನ್ನು ಲೆಕ್ಕವಿಟ್ಟರು. 1941ರಲ್ಲಿ ಅವರ ಲೇಖನ ಪ್ರಕಟವಾಯಿತು, ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆದರೆ ಆ ದೇಶದ ಸಾರ್ವಜನಿಕರಿಗೆ ಅದು ಕಡ್ಡಾಯವಾದದ್ದು 1973ರಲ್ಲಿ. ಒಂದು ಲೆಕ್ಕ ಸೈನ್ಯದಿಂದ ಬೀದಿಗೆ ಬರಲು ಮೂವತ್ತೆರಡು ವರ್ಷ ಹಿಡಿಯಿತು. ಹಾಗಾಗಿ ನನ್ನ ಇಪ್ಪತ್ತು ನಿಮಿಷದ ಮಾತಿನಿಂದ ಮರುದಿನವೇ ಎಲ್ಲರ ಗದ್ದದಲ್ಲೂ ಪಟ್ಟಿ ಕಾಣುತ್ತದೆಂಬ ಭ್ರಮೆ ನನಗಿಲ್ಲ.

ಇಪ್ಪತ್ತು ನಿಮಿಷ ನಲವತ್ತಾಗಿತ್ತು. ಗೋಡೆಯ ಲೆಕ್ಕವನ್ನು ಅಳಿಸಲು ಹೋದಾಗ "ಇರಲಿ ಬಿಡಿ ಸಾರ್" ಎಂದರು ಪ್ರಾಂಶುಪಾಲರು. ಮಳೆ ಬರುವವರೆಗೆ ಅದು ಅಲ್ಲಿತ್ತಂತೆ.

ವಾರವೊಂದು ಕಳೆದ ಮೇಲೆ ಗುಬ್ಬಿಯ ಬಸ್ ನಿಲ್ದಾಣದ ಬಳಿ ಆ ಹಾಗಲವಾಡಿಯ ಹುಡುಗ ಗಾಡಿ ನಿಲ್ಲಿಸಿದ. ಮಾತನಾಡಿಸಲು ಹೆಲ್ಮೆಟ್ ತೆಗೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಪಟ್ಟಿ ಬಿಚ್ಚಬೇಕಾಗಿತ್ತಲ್ಲ. "ಸಾರ್, ನಮ್ಮೂರಿಂದ ಇಲ್ಲಿವರೆಗೂ ನೋಡ್ಕೊಂಡು ಬಂದೆ. ತಿರುವು, ತೋಟ, ಊರು, ಎಲ್ಲಾ ಬಿಟ್ಟರೆ ಹತ್ತು ಕಂಬ ಒಟ್ಟಿಗೆ ಕಾಣೋ ಜಾಗ ಮೂರೇ ಮೂರು."

"ಮತ್ತೆ ಲಾರಿ ಸಿಕ್ಕಿದರೆ ಏನಪ್ಪಾ ಮಾಡ್ತೀಯ?" ಎಂದೆ.

"ಆ ಮೂರು ಜಾಗ ಬರೋವರೆಗೂ ಅದರ ಹೊಗೆ ಕುಡೀತೀನಿ ಸಾರ್" ಎಂದು ನಕ್ಕು, ಮತ್ತೆ ಹೆಲ್ಮೆಟ್ ಏರಿಸಿ, ಕ್ಲಿಕ್ ಎನಿಸಿ, ಕೀ ತಿರುಗಿಸಿದ.